ಖಾತ್ರಿ ಇಲ್ಲದ ಪ್ರಶ್ನೆ ಬಿಡಬೇಕಾ, ಬರೆಯಬೇಕಾ? ಹಳೇ ಪತ್ರಿಕೆ ಇಟ್ಟುಕೊಂಡು ಲೆಕ್ಕ ಹಾಕೋಣ

ಪ್ರಶ್ನೆ: ಸರ್, ಕೆಎಎಸ್ ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ. ಖಾತ್ರಿ ಇಲ್ಲದ ಪ್ರಶ್ನೆ ಮುಟ್ಟಲೇಬೇಡಿ ಅಂತ ಕೋಚಿಂಗ್‌ನಲ್ಲಿ ಹೇಳಿದ್ದಾರೆ. ಹಾಗೇ ಮಾಡಿ ಒಂದು ಹಳೇ ಪತ್ರಿಕೆ ಬಿಡಿಸಿದೆ. 70 ಬರೆದೆ, 30 ಬಿಟ್ಟೆ. ಕೀ ಉತ್ತರ ನೋಡಿದ್ರೆ 48 ಸರಿ, 22 ತಪ್ಪು. ನೆಗೆಟಿವ್‌ನಲ್ಲಿ ಅಂಕ ಹೋಗೋದು ತಪ್ಪಿಸೋಕೆ ಇನ್ನೂ ಕಡಿಮೆ ಬರೀಬೇಕಾ? ಯುಪಿಎಸ್‌ಸಿಗೂ ಇದೇ ಲೆಕ್ಕ ನಡೆಯುತ್ತಾ?
— ಓದುಗರು, ಹಾವೇರಿ

ಉತ್ತರ: ಕಡಿಮೆ ಬರೆಯಬೇಡಿ. ಜಾಸ್ತಿ ಬರೆಯಬೇಕು, ಆದರೆ ಯಾವುದನ್ನು ಅನ್ನೋದನ್ನು ಮೊದಲೇ ತಿಳಿದುಕೊಂಡು.

ನಿಮ್ಮ ಪತ್ರಿಕೆಯನ್ನೇ ತಗೊಳ್ಳೋಣ. ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪಿಗೆ ಅದರ ಕಾಲು ಭಾಗ, ಅಂದರೆ ಅರ್ಧ ಅಂಕ ಕಡಿತ. 48 ಸರಿಗೆ 96 ಬಂತು, 22 ತಪ್ಪಿಗೆ 11 ಹೋಯ್ತು, ಉಳಿದದ್ದು 85. ಆ 11 ಅಂಕ ನಿಮ್ಮ ಕಣ್ಣು ಕುಕ್ಕುತ್ತಿದೆ. ಆದರೆ ಅದೇ 22 ಪ್ರಶ್ನೆ ಸರಿಯಾಗಿದ್ದರೆ 44 ಅಂಕ ಬರುತ್ತಿತ್ತು ಅಲ್ವಾ? ಖಾತ್ರಿ ಅಂದುಕೊಂಡು ಬರೆದ 70ರಲ್ಲಿ 22 ತಪ್ಪಾಗಿವೆ ಅಂದರೆ ಖಾತ್ರಿ ಅಂತ ನೀವು ತೀರ್ಮಾನಿಸುವ ಕಡೆಯೇ ತೊಂದರೆ ಇದೆ. ಪ್ರಶ್ನೆ ಬಿಟ್ಟರೆ ಅದು ಸರಿಹೋಗಲ್ಲ.

ಈಗ ಬಿಟ್ಟ 30 ಪ್ರಶ್ನೆಗೆ ಬನ್ನಿ. ಅವೆಲ್ಲ ಒಂದೇ ತರಹ ಇರಲ್ಲ. ಕೆಲವದರಲ್ಲಿ ಎರಡು ಆಯ್ಕೆ ತಪ್ಪು ಅಂತ ಗೊತ್ತಿರುತ್ತೆ, ಉಳಿದೆರಡರಲ್ಲಿ ಸಿಕ್ಕಿಕೊಂಡಿರ್ತೀರಿ. ಕೆಲವದರಲ್ಲಿ ಒಂದನ್ನು ಮಾತ್ರ ತೆಗೆಯೋಕೆ ಆಗುತ್ತೆ. ಇನ್ನು ಕೆಲವು ಓದಿದರೂ ತಲೆಬುಡ ಗೊತ್ತಾಗಲ್ಲ. ಲೆಕ್ಕಕ್ಕೆ ಮೊದಲ ಗುಂಪಿನಲ್ಲಿ 12, ಎರಡನೆಯದರಲ್ಲಿ 10, ಮೂರನೆಯದರಲ್ಲಿ 8 ಇವೆ ಅಂದುಕೊಳ್ಳಿ. 12ರಲ್ಲಿ ಅರ್ಧ ಸರಿಯಾದರೆ 12 ಅಂಕ ಬಂದು 3 ಹೋಗುತ್ತೆ, ಲಾಭ 9. ಹತ್ತರಲ್ಲಿ 3 ಸರಿಯಾದರೆ 6 ಬಂದು ಮೂರೂವರೆ ಹೋಗುತ್ತೆ, ಲಾಭ ಎರಡೂವರೆ. ಏನೂ ಗೊತ್ತಿಲ್ಲದ 8ರಲ್ಲಿ 2 ಸರಿಯಾದರೆ 4 ಬಂದು 3 ಹೋಗುತ್ತೆ, ಲಾಭ 1. ಒಟ್ಟು ಹನ್ನೆರಡೂವರೆ. 85 ಇದ್ದದ್ದು 97.5 ಆಗುತ್ತೆ. ಲಾಭದ ಸುಮಾರು ಮುಕ್ಕಾಲು ಪಾಲು ಮೊದಲ ಗುಂಪಿನದೇ ಅನ್ನೋದನ್ನು ಗಮನಿಸಿ.

ಯುಪಿಎಸ್‌ಸಿ ಬೇರೆ. ಅಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಹೋಗುತ್ತೆ, 2 ಅಂಕದ ಪ್ರಶ್ನೆಗೆ ಸುಮಾರು 0.67. ನೆನಪಿಡೋದು ಸುಲಭ: ಕಾಲು ಭಾಗ ಕಡಿತ ಇರುವ ಕಡೆ ಐದಕ್ಕೆ ಒಂದು ಸರಿಯಾದರೂ ಲಾಭವಿಲ್ಲ, ನಷ್ಟವೂ ಇಲ್ಲ. ಮೂರನೇ ಒಂದು ಭಾಗ ಕಡಿತ ಇದ್ದರೆ ನಾಲ್ಕಕ್ಕೆ ಒಂದು ಸರಿಯಾಗಲೇಬೇಕು. ಹಾಗಾಗಿ ಏನೂ ಗೊತ್ತಿಲ್ಲದೆ ಗೆಸ್ ಮಾಡಿದರೆ ಕೆಎಎಸ್‌ನಲ್ಲಿ ಚೂರು ಲಾಭದ ಕಡೆ ಇರ್ತೀರಿ, ಯುಪಿಎಸ್‌ಸಿಯಲ್ಲಿ ಸರಾಸರಿ ಸೊನ್ನೆ. ಒಂದು ಆಯ್ಕೆ ತೆಗೆದರೂ ಸಾಕು, ಎರಡೂ ಕಡೆ ಬರೆಯೋದೇ ಲಾಭ. ಇದು ಕಾಗದದ ಮೇಲಿನ ಲೆಕ್ಕ. ನಿಮ್ಮ ಕೈಯಲ್ಲಿ ಅದು ಹಾಗೇ ನಡೆಯುತ್ತಾ ಅನ್ನೋದನ್ನು ಹಳೇ ಪತ್ರಿಕೆಯಿಂದಲೇ ಕಂಡುಕೊಳ್ಳಬೇಕು. ಹೆಚ್ಚಿನವರು ಮಾಡದೇ ಇರೋ ಕೆಲಸ ಅದೇ.

ಮಾಡೋದು ಹೀಗೆ. ಹಳೇ ಪತ್ರಿಕೆ ತಗೊಂಡು ಎರಡು ಗಂಟೆ ಗಡಿಯಾರ ಇಟ್ಟು ಕೂತುಕೊಳ್ಳಿ. ಈ ಅಭ್ಯಾಸದಲ್ಲಿ ಮಾತ್ರ 100ಕ್ಕೂ ಉತ್ತರ ಹಾಕಿ, ಒಂದನ್ನೂ ಬಿಡಬೇಡಿ. ಪ್ರತಿ ಪ್ರಶ್ನೆಯ ಪಕ್ಕ, ಉತ್ತರ ಹಾಕುವ ಹೊತ್ತಿಗೇ, ಇನ್ನೂ ಎಷ್ಟು ಆಯ್ಕೆ ಉಳಿದಿತ್ತು ಅಂತ ಒಂದು ಅಂಕಿ ಬರೆಯಿರಿ. ಖಾತ್ರಿ ಇದ್ದರೆ 1, ಎರಡರ ಮಧ್ಯೆ ಇದ್ದರೆ 2, ಹೀಗೆ 3, 4. ಕೀ ನೋಡಿದ ಮೇಲೆ ಈ ಅಂಕಿ ಬರೆದರೆ ಪ್ರಯೋಜನವಿಲ್ಲ, ಆಗ ಎಲ್ಲವೂ ಗೊತ್ತಿತ್ತು ಅಂತಲೇ ಅನಿಸುತ್ತೆ. ಕೀ ನೋಡುವಾಗ ಗುಂಪುವಾರು ಎಣಿಸಿ: 1 ಅಂತ ಹಾಕಿದ್ದರಲ್ಲಿ ಎಷ್ಟು ಸರಿ, 2 ಅಂತ ಹಾಕಿದ್ದರಲ್ಲಿ ಎಷ್ಟು ಸರಿ.

ಕೀ ಉತ್ತರದ ಬಗ್ಗೆ ಒಂದು ಮಾತು. ಕೆಪಿಎಸ್‌ಸಿ ಮೊದಲು ತಾತ್ಕಾಲಿಕ ಕೀ ಉತ್ತರ ಬಿಡುತ್ತೆ, ಆಕ್ಷೇಪಣೆ ಕರೆಯುತ್ತೆ, ಆಮೇಲೆ ಪರಿಷ್ಕೃತ ಕೀ ಬರುತ್ತೆ. ನಿಮಗೆ ಬೇಕಾದ್ದು ಪರಿಷ್ಕೃತ ಕೀ. ಪರೀಕ್ಷೆ ಮುಗಿದ ಸಂಜೆ ಕೋಚಿಂಗ್‌ನವರು ಹಂಚುವ ಕೀ ಇಟ್ಟುಕೊಂಡು ಲೆಕ್ಕ ಹಾಕಿದರೆ ಅವರ ತಪ್ಪು ನಿಮ್ಮ ಪಟ್ಟಿಗೆ ಸೇರುತ್ತೆ. ಕೈಬಿಟ್ಟ ಪ್ರಶ್ನೆ, ಕೃಪಾಂಕ ಕೊಟ್ಟ ಪ್ರಶ್ನೆಗಳನ್ನು ಎಣಿಕೆಯಿಂದ ತೆಗೆದುಬಿಡಿ. ಕನ್ನಡ ವಾಕ್ಯ ಅರ್ಥವಾಗದ್ದಕ್ಕೆ ತಪ್ಪಾದ ಪ್ರಶ್ನೆಗಳಿಗೆ ಬೇರೆ ಗುರುತು ಹಾಕಿ. 2024ರ ಆಗಸ್ಟ್‌ನ ಪ್ರಿಲಿಮ್ಸ್‌ನಲ್ಲಿ ಅನುವಾದ ಎಷ್ಟು ಕೆಟ್ಟಿತ್ತು ಅಂದರೆ ಡಿಸೆಂಬರ್‌ನಲ್ಲಿ ಮರುಪರೀಕ್ಷೆಯನ್ನೇ ನಡೆಸಬೇಕಾಯ್ತು. ಕನ್ನಡದಲ್ಲಿ ಓದಿ ಬರೆದ ಮಕ್ಕಳಿಗೆ ಆದ ಅನ್ಯಾಯ ಅದು, ಈಗಲೂ ಹೊಟ್ಟೆ ಉರಿಯುತ್ತೆ. ಅಂಥ ತಪ್ಪು ನಿಮ್ಮ ಓದಿನ ತಪ್ಪಲ್ಲ, ಅದಕ್ಕೆ ಇರುವ ದಾರಿ ಪಕ್ಕದ ಇಂಗ್ಲಿಷ್ ವಾಕ್ಯವನ್ನೂ ಓದುವ ರೂಢಿ ಮಾತ್ರ.

ಒಂದು ಪತ್ರಿಕೆ ಬಿಡಿಸಿ ತೀರ್ಮಾನಕ್ಕೆ ಬರಬೇಡಿ. ಎರಡು ಉಳಿದ 12 ಪ್ರಶ್ನೆಗೆ ನಾಣ್ಯ ಚಿಮ್ಮಿ ಉತ್ತರ ಹಾಕಿದರೂ ಒಮ್ಮೆ 4 ಸರಿಯಾಗುತ್ತೆ, ಒಮ್ಮೆ 8. ಐದು ಪತ್ರಿಕೆ ಸೇರಿಸಿದಾಗ ಆ ಗುಂಪಿನಲ್ಲಿ 60ರಷ್ಟು ಪ್ರಶ್ನೆ ಆಗುತ್ತೆ, ಆಗ ನಿಮ್ಮ ನಿಜವಾದ ಸ್ಥಿತಿ ಕಾಣುತ್ತೆ. ಆ 60ರಲ್ಲಿ 24 ಮಾತ್ರ ಸರಿ ಇದ್ದವು ಅಂದುಕೊಳ್ಳಿ. ಅರ್ಧಕ್ಕಿಂತ ಕಡಿಮೆ, ನೋಡಿದರೆ ಬೇಜಾರಾಗುತ್ತೆ. ಆದರೂ 48 ಅಂಕ ಬಂದು 18 ಹೋಗುತ್ತೆ, 30 ಉಳಿಯುತ್ತೆ. ಯುಪಿಎಸ್‌ಸಿ ಲೆಕ್ಕದಲ್ಲೂ 24 ಉಳಿಯುತ್ತೆ. ಅಷ್ಟು ಕೆಟ್ಟದಾಗಿ ಗೆಸ್ ಮಾಡಿದರೂ ಬಿಟ್ಟಿದ್ದಕ್ಕಿಂತ ಬರೆದದ್ದೇ ಮೇಲು. ಖಾತ್ರಿ ಇಲ್ಲದ್ದನ್ನು ಮುಟ್ಟಬೇಡಿ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಹಾಗಾದರೆ ಬಿಡಬೇಕಾದ್ದು ಯಾವುದು? 3 ಮತ್ತು 4ರ ಗುಂಪನ್ನು ವಿಷಯವಾರು ಒಡೆದು ನೋಡಿ. ಎಲ್ಲೋ ಒಂದು ಕಡೆ, ಅದು ಪ್ರಚಲಿತ ಘಟನೆ ಇರಬಹುದು, ವಿಜ್ಞಾನ ಇರಬಹುದು, 20ಕ್ಕೆ 3 ಮಾತ್ರ ಸರಿ ಅಂತ ಕಾಣಿಸುತ್ತೆ. 6 ಅಂಕ ಬಂತು, ಎಂಟೂವರೆ ಹೋಯ್ತು. ಸುಮ್ನೆ ಕಣ್ಣುಮುಚ್ಚಿ ಹಾಕಿದ್ದರೂ ಐದರ ಆಸುಪಾಸು ಸರಿಯಾಗಬೇಕಿತ್ತು. ಯಾಕೆ ಕಡಿಮೆಯಾಯ್ತು? ಪತ್ರಿಕೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಅರ್ಧ ಓದಿದವರಿಗೋಸ್ಕರವೇ ಇಡ್ತಾರೆ. ಎಲ್ಲೋ ಕೇಳಿದ ಹೆಸರು, ಪರಿಚಯದ ಇಸವಿ ಕಂಡ ತಕ್ಷಣ ಕೈ ಅಲ್ಲಿಗೇ ಹೋಗುತ್ತೆ. ಒಂದೇ ಪತ್ರಿಕೆಯಲ್ಲಿ ಹೀಗಾಗಿದ್ದರೆ ದುರದೃಷ್ಟ ಅಂದುಕೊಳ್ಳಿ, ಪತ್ರಿಕೆಯಿಂದ ಪತ್ರಿಕೆಗೆ ಹೀಗೇ ಆಗುತ್ತಿದ್ದರೆ ಆ ವಿಷಯದಲ್ಲಿ ಗೆಸ್ ಮಾಡಬೇಡಿ. ಕೆಎಎಸ್‌ನಲ್ಲಿ ಬರೆಯಲೇಬೇಕು ಅನಿಸಿದರೆ ಏನೂ ಗೊತ್ತಿಲ್ಲದ ಅಷ್ಟಕ್ಕೂ ಮೊದಲೇ ಗೊತ್ತುಮಾಡಿಕೊಂಡ ಒಂದೇ ಆಯ್ಕೆಯನ್ನು ತುಂಬಿ, ಆಗ ಕನಿಷ್ಠ ಅವರ ಬಲೆಗೆ ಬೀಳಲ್ಲ.

ಇನ್ನು ಆಯ್ಕೆ ತೆಗೆಯುವ ವಿಚಾರ. ಇದು ಪ್ರಶ್ನೆಯ ಅಚ್ಚಿನ ಮೇಲೆ ಹೋಗುತ್ತೆ. ನಾನೇ ಮಾಡಿದ ಒಂದು ಉದಾಹರಣೆ ನೋಡಿ. ಮನಿ ಬಿಲ್ ಬಗ್ಗೆ ಮೂರು ಹೇಳಿಕೆ:

1. ಅದನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು.
2. ರಾಜ್ಯಸಭೆ ಅದನ್ನು 30 ದಿನದೊಳಗೆ ಹಿಂದಿರುಗಿಸಬೇಕು.
3. ಒಂದು ಮಸೂದೆ ಮನಿ ಬಿಲ್ ಹೌದೋ ಅಲ್ಲವೋ ಅನ್ನೋದರಲ್ಲಿ ರಾಷ್ಟ್ರಪತಿಯವರ ತೀರ್ಮಾನವೇ ಅಂತಿಮ.

ಆಯ್ಕೆಗಳು: 1 ಮಾತ್ರ; 1 ಮತ್ತು 3; 2 ಮತ್ತು 3; 1, 2 ಮತ್ತು 3. ನಿಮಗೆ ಗೊತ್ತಿರೋದು ಒಂದೇ, ಅವಧಿ 14 ದಿನ ಅನ್ನೋದು. ಅಷ್ಟರಿಂದಲೇ ಕೊನೆಯ ಎರಡೂ ಆಯ್ಕೆ ಹೊರಟುಹೋದವು. ಮೊದಲ ಎರಡರಲ್ಲಿ ಒಂದು. ಮೂರನೆಯ ಹೇಳಿಕೆಯೊಂದರ ಬಗ್ಗೆ ಯೋಚಿಸಿದರೆ ಸಾಕು: ಅಂತಿಮ ತೀರ್ಮಾನ ಸ್ಪೀಕರ್‌ದು, ಉತ್ತರ 1 ಮಾತ್ರ. ಒಂದನೇ ಹೇಳಿಕೆ ಸರಿಯೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇಲ್ಲ, ಉಳಿದ ಎರಡೂ ಆಯ್ಕೆಯಲ್ಲಿ ಅದಿದೆ.

ಅದೇ ಪ್ರಶ್ನೆಯ ಕೆಳಗೆ 'ಮೇಲಿನವುಗಳಲ್ಲಿ ಎಷ್ಟು ಹೇಳಿಕೆ ಸರಿ' ಅಂತ ಕೇಳಿ, ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಅಲ್ಲ ಅಂತ ಆಯ್ಕೆ ಕೊಟ್ಟರೆ? 14 ದಿನ ಅಂತ ಗೊತ್ತಿದ್ದರೂ ಹೋಗೋದು 'ಮೂರೂ' ಅನ್ನೋದೊಂದೇ, ಇನ್ನೂ ಮೂರು ಉಳಿಯುತ್ತೆ. 2023ರ ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಈ ಅಚ್ಚಿನ ಪ್ರಶ್ನೆಗಳು ಬಹಳ ಬಂದವು. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ ಆಯ್ಕೆ ತೆಗೆದು ಗೆಲ್ಲೋದನ್ನೇ ನೆಚ್ಚಿಕೊಂಡವರಿಗೆ ಅಲ್ಲಿ ಕಷ್ಟವಾಯ್ತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಈ ಅಚ್ಚಿನವನ್ನು ಬೇರೆಯಾಗಿ ಎಣಿಸಿ, ಎರಡನ್ನೂ ಕಲಸಿದರೆ ಸರಾಸರಿ ಸುಳ್ಳು ಹೇಳುತ್ತೆ.

'ಮಾತ್ರ', 'ಎಲ್ಲಾ', 'ಎಂದಿಗೂ' ಅಂತ ಇದ್ದರೆ ಆ ಹೇಳಿಕೆ ತಪ್ಪು ಅನ್ನುವ ಸೂತ್ರವನ್ನು ನೀವೂ ಕೇಳಿರ್ತೀರಿ. ಮೇಲಿನ ಮೊದಲ ಹೇಳಿಕೆಯಲ್ಲೇ 'ಮಾತ್ರ' ಇದೆ, ಅದು ಸರಿಯಾದ ಹೇಳಿಕೆ. ಸಂವಿಧಾನದ ಪ್ರಶ್ನೆಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಯಾವ ಸೂತ್ರವನ್ನೇ ಆಗಲಿ, ನಿಮ್ಮ ಹತ್ತಿರ ಇರೋ ಪತ್ರಿಕೆ, ಪರಿಷ್ಕೃತ ಕೀ ಎರಡನ್ನೂ ಇಟ್ಟುಕೊಂಡು ಎಷ್ಟು ಸಲ ನಡೆದಿದೆ ಅಂತ ಎಣಿಸಿದ ಮೇಲೆ ಮಾತ್ರ ನಂಬಿ.

ಆಮೇಲೆ ನಿಮ್ಮ ಆ 22. ಐದು ಪತ್ರಿಕೆ ಆದಾಗ 1 ಅಂತ ಹಾಕಿಯೂ ತಪ್ಪಾದವನ್ನೆಲ್ಲ ಒಂದು ನೋಟ್‌ಬುಕ್‌ಗೆ ಇಳಿಸಿ, ಪಕ್ಕದಲ್ಲಿ ಕಾರಣ ಬರೆಯಿರಿ. 'ಸರಿಯಲ್ಲದ್ದನ್ನು ಗುರುತಿಸಿ' ಅನ್ನೋದನ್ನು 'ಸರಿಯಾದದ್ದು' ಅಂತ ಓದಿದಿರಾ? ಎರಡು ಸಂಗತಿ ಅದಲು ಬದಲಾದವಾ? ಅಥವಾ ನೋಟ್ಸ್‌ನಲ್ಲೇ ತಪ್ಪಿತ್ತಾ? ಮೊದಲನೆಯದಕ್ಕೆ ಪ್ರಶ್ನೆಯ ಕೊನೆಯ ಸಾಲಿಗೆ ಗೆರೆ ಎಳೆಯುವ ಅಭ್ಯಾಸ ಸಾಕು. ಎರಡನೆಯದಕ್ಕೆ ಆ ಎರಡನ್ನೂ ಅಕ್ಕಪಕ್ಕ ಬರೆದು ಓದಬೇಕು. ಇಲ್ಲಿ ಒಂದು ತಪ್ಪು ಸರಿಯಾದರೆ 2 ಅಂಕ ಬರೋದಲ್ಲದೆ ಹೋಗುತ್ತಿದ್ದ ಅರ್ಧವೂ ಉಳಿಯುತ್ತೆ.

ಪರೀಕ್ಷೆಯ ದಿನ ಮೊದಲ ಸುತ್ತಿನಲ್ಲಿ 1ರವನ್ನು ಮಾತ್ರ ತುಂಬಿ, ಉಳಿದವಕ್ಕೆ ಪ್ರಶ್ನೆಪತ್ರಿಕೆಯಲ್ಲೇ 2, 3, 4 ಅಂತ ಹಾಕಿಕೊಂಡು ಹೋಗಿ. ಎರಡನೇ ಸುತ್ತಿನಲ್ಲಿ 2ರವು, ಆಮೇಲೆ 3ರವು. ಶುರುವಿಗೆ ಸೂಚನೆಯ ಪುಟ ಓದಿ, ಕಡಿತ ಎಷ್ಟು, ಬಿಟ್ಟ ಪ್ರಶ್ನೆಗೆ ಏನು ಮಾಡಬೇಕು ಅಂತ ಅಲ್ಲಿರುತ್ತೆ. ಬಿಟ್ಟದ್ದಕ್ಕೂ ಬೇರೊಂದು ವೃತ್ತ ತುಂಬಬೇಕು ಅನ್ನುವ ನಿಯಮ ಇರುವ ಪರೀಕ್ಷೆಗಳೂ ಇವೆ. ಕೊನೆಯ ಹತ್ತು ನಿಮಿಷದಲ್ಲಿ ಹೊಸದಾಗಿ ಯೋಚಿಸೋದು ಬೇಡ, ಓಎಂಆರ್‌ನಲ್ಲಿ ಸಾಲು ತಪ್ಪಿದೆಯಾ ಅಂತ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಿ.