ನೂಲಿನಂತೆ ಸೀರೆ, ಮುಂದಿನ ಸಾಲು ನಿಮ್ಮದು

ಪ್ರಶ್ನೆ: ಅಮ್ಮನ ಜೊತೆ ಒಂದೇ ತರಹದ ಸೀರೆ ಉಟ್ಟು ಫೋಟೊ ತೆಗೆಸಿಕೊಂಡಿದ್ದೇನೆ. ಹೆಮ್ಮೆ ಇರಬೇಕು, ನಗು ಬರಬೇಕು, ಸ್ವಲ್ಪ ಅಮ್ಮನ ಕಾಲೆಳೆದ ಹಾಗೂ ಇರಬೇಕು. ಏನಂತ ಕ್ಯಾಪ್ಶನ್ ಹಾಕಲಿ?

"ನೂಲಿನಂತೆ ಸೀರೆ, ತಾಯಿಯಂತೆ ಮಗಳು." ನಿಮ್ಮ ಫೋಟೊಗೆ ಮೊದಲ ಸಾಲು ಇದೇ ಇರಲಿ. ಸೀರೆಯೂ ಇದೆ, ತಾಯಿ ಮಗಳೂ ಇದ್ದಾರೆ. ಹೆಮ್ಮೆಯ ಕೆಲಸವನ್ನು ಗಾದೆಯೇ ಮುಗಿಸಿಬಿಡುತ್ತದೆ. ಆದರೆ ಇಷ್ಟನ್ನೇ ಹಾಕಿದರೆ ಯಾರೂ ನಗುವುದಿಲ್ಲ, ಎಲ್ಲರೂ ಕೇಳಿದ ಮಾತಲ್ವಾ. ನಗು ಬರಬೇಕಾದದ್ದು ಅದರ ಕೆಳಗಿನ ಸಾಲಿನಿಂದ. ಆ ಸಾಲನ್ನು ಬೇರೆ ಯಾರಿಂದಲೂ ತರೋಕೆ ಆಗುವುದಿಲ್ಲ. ಅದು ನಿಮ್ಮ ಫೋಟೊದೊಳಗೇ ಇರುತ್ತದೆ, ಹುಡುಕಬೇಕು ಅಷ್ಟೇ.

ನಾನು ಹೇಗೆ ಹುಡುಕಿದೆ ಅಂತ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲೋಕೆ ಹೊಲಕ್ಕೆ ಹೋಗಿದ್ದೆವು. ಅವ್ವನೂ ನಾನೂ ಒಂದೇ ಬಣ್ಣದ ಇಳಕಲ್ ಸೀರೆ ಉಟ್ಟಿದ್ದೆವು. ಗಿಳಿ ಹಸಿರು ಒಡಲು, ಕೆಂಪು ಸೆರಗು. ಜೋಳದ ಹೊಲದ ಬದುವಿನ ಮೇಲೆ ನಿಂತು ಅಣ್ಣ ಫೋಟೊ ತೆಗೆದ. ಸಂಜೆ ಮನೆಗೆ ಬಂದು, ಶೇಂಗಾ ಹೋಳಿಗೆ ತಿನ್ನುತ್ತಾ ನನ್ನ ಮೊದಲ ಕ್ಯಾಪ್ಶನ್ ಬರೆದೆ: "ಹಳೇ ಮಾಡೆಲ್, ಹೊಸ ಮಾಡೆಲ್." ಅವ್ವನಿಗೆ ಓದಿ ಹೇಳಿದೆ. ಅವ್ವ ನಗಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋಗುತ್ತಾ, "ಹಳೇದಾತಂದ್ರ ಮೂಲ್ಯಾಗ ಇಡ್ತಾರ" ಅಂದಳು. ನನಗೆ ತುಂಬಾ ಬೇಜಾರಾಯಿತು. ಆ ಸಾಲನ್ನು ಅಲ್ಲೇ ಅಳಿಸಿದೆ.

ಆಮೇಲೆ ಯೋಚನೆ ಮಾಡಿದಾಗ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಕಾಲೆಳೆಯೋದು ಅಮ್ಮ ಮಾಡುವ ಕೆಲಸದ ಮೇಲೆ ಇರಬೇಕು, ಅಮ್ಮನ ವಯಸ್ಸಿನ ಮೇಲೆ ಅಲ್ಲ. ವಯಸ್ಸು, ಮೈ, ಬಣ್ಣ, ಬಿಳಿ ಕೂದಲು, ಇವುಗಳ ಹತ್ತಿರ ಹೋಗಲೇಬೇಡಿ. "ಇದರಲ್ಲಿ ಅಮ್ಮ ಯಾರು, ಮಗಳು ಯಾರು?" ಅನ್ನೋದೂ ಅದೇ ಜಾತಿಯದು. ಹೊಗಳಿದ ಹಾಗೆ ಕಾಣುತ್ತದೆ, ಆದರೆ ಒಳಗೆ ವಯಸ್ಸಿನ ಲೆಕ್ಕವೇ ಇದೆ. ಕೆಳಗೆ ಕಾಮೆಂಟ್ ಹಾಕುವವರೂ ಅದೇ ಲೆಕ್ಕ ಹಿಡಿದು ಕೂರುತ್ತಾರೆ. ಅಮ್ಮ ಮಾಡುವ ಕೆಲಸ ಅಂದರೆ ಬೈಯೋದು, ನೆರಿಗೆ ತಿದ್ದೋದು, ಸೀರೆಗೆ ಎಷ್ಟು ಕೊಟ್ಟೆ ಅಂತ ಮೂರು ಸಲ ಕೇಳೋದು, ಹೊರಡುವ ಹೊತ್ತಿಗೆ ಪೆಟ್ಟಿಗೆ ತೆಗೆದು ಇನ್ನೊಂದು ಸೀರೆ ನೋಡೋದು. ಇವುಗಳ ಬಗ್ಗೆ ಎಷ್ಟು ಬೇಕಾದರೂ ಕಾಲೆಳೆಯಬಹುದು. ಯಾಕಂದರೆ ಇವುಗಳಲ್ಲಿ ಕೊನೆಗೆ ಗೆಲ್ಲೋದು ಅಮ್ಮನೇ.

ಇನ್ನೊಂದು ವಿಷಯ, ಬಟ್ಟೆಯ ಹೆಸರನ್ನು ಬಿಡಬೇಡಿ. "ಮ್ಯಾಚಿಂಗ್ ಮ್ಯಾಚಿಂಗ್" ಅಂದರೆ ಯಾವ ಬಟ್ಟೆಗೂ ಸಲ್ಲುತ್ತದೆ. ಇಳಕಲ್ ಅಂದರೆ ಬಾಗಲಕೋಟೆ ಕಡೆಯ ಮಗ್ಗ ಕಣ್ಣಿಗೆ ಬರುತ್ತದೆ. ನಿಮ್ಮದು ಮೊಳಕಾಲ್ಮೂರು ಆಗಿರಬಹುದು, ಮೈಸೂರು ಸಿಲ್ಕ್ ಆಗಿರಬಹುದು, ಸಂತೆಯಲ್ಲಿ ಕೊಂಡ ಹತ್ತಿ ಸೀರೆಯೇ ಆಗಿರಬಹುದು. ಆ ಸೀರೆಗೆ ಅದರದೇ ಮಾತುಗಳು ಇರುತ್ತವೆ. ಕ್ಯಾಪ್ಶನ್‌ಗೆ ಬೇಕಾದದ್ದು ಅವೇ.

ಇಳಕಲ್ ಸೀರೆಯ ವಿಶೇಷ ಇರೋದು ಅದರ ಸೆರಗಿನಲ್ಲಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲು. ಒಡಲಿಗೆ ಹೆಚ್ಚಾಗಿ ಹತ್ತಿಯ ನೂಲು, ಸೆರಗಿಗೆ ರೇಷ್ಮೆ. ನೇಕಾರರು ಒಂದರ ಎಳೆಯ ಕುಣಿಕೆಗೆ ಇನ್ನೊಂದರ ಎಳೆಯ ಕುಣಿಕೆ ಸಿಕ್ಕಿಸಿ ಎರಡನ್ನೂ ಕೂಡಿಸುತ್ತಾರೆ. ಆಮೇಲೆ ನೇಯ್ಗೆ. ಸೀರೆಯನ್ನು ತಿರುಗಿಸಿ ನೋಡಿದರೆ ಒಡಲು ಮುಗಿದು ಸೆರಗು ಶುರುವಾಗುವ ಕಡೆ ಆ ಕೂಡಿಕೆ ಕಾಣುತ್ತದೆ. ಅಲ್ಲಿ ಹೊಲಿಗೆ ಇರುವುದಿಲ್ಲ, ಎಳೆ ಎಳೆಯೇ ಒಂದನ್ನೊಂದು ಹಿಡಿದುಕೊಂಡಿರುತ್ತದೆ. ನಾನು ಅವತ್ತು ರಾತ್ರಿ ಸೀರೆ ಮಡಚುವಾಗ ಅದನ್ನೇ ನೋಡುತ್ತಾ ಕೂತಿದ್ದೆ. ಒಡಲು ಅಂದರೆ ಹೊಟ್ಟೆಯೂ ಹೌದಲ್ವಾ! ಹತ್ತಿಯ ಒಡಲನ್ನು ಹಿಡಿದುಕೊಂಡು ಒಂದು ಕೆಂಪು ಸೆರಗು. ನನಗೆ ಬೇಕಾದ ಹೆಮ್ಮೆಯ ಸಾಲು ಅಲ್ಲೇ ಸಿಕ್ಕಿತು:

"ಒಡಲು ಅವ್ವ, ಸೆರಗು ನಾನು."

ಇನ್ನು ಕಾಲೆಳೆಯುವ ಸಾಲು. ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅವ್ವನ ಸೆರಗು ತಲೆಯ ಮೇಲೆ ಸರಿಯಾಗಿ ಕೂತಿದೆ. ಒಂದು ಪಿನ್ನೂ ಇಲ್ಲ, ಗಾಳಿಗೂ ಅಲುಗಿಲ್ಲ. ಅವಳ ಕಣ್ಣು ಮಾತ್ರ ಕ್ಯಾಮೆರಾ ಕಡೆ ಇಲ್ಲ, ನನ್ನ ಭುಜದ ಮೇಲಿದೆ. ಒಂದು ಕೈ ನನ್ನ ಸೆರಗಿನ ಕಡೆ ಅರ್ಧ ಎದ್ದಿದೆ. ಅಣ್ಣ "ನೋಡ್ರಿ ಇಲ್ಲಿ" ಅಂದಾಗಲೂ ಅವ್ವ ನನ್ನ ಸೆರಗು ಸರಿ ಮಾಡುವುದರಲ್ಲೇ ಇದ್ದಳು! ಅಷ್ಟು ಸಾಕಾಯಿತು. ಎರಡನೇ ಸಾಲು ಹೀಗೆ ಬಂತು:

"ಸೆರಗು ಸರಿ ಮಾಡ್ಕೋ ಅಂತ ದಿನವಿಡೀ ಬೈಯೋದೂ ಅವ್ವನೇ."

ಮೊದಲ ಸಾಲಿನಲ್ಲಿ ಬಂದ ಮಾತೇ ಎರಡನೇ ಸಾಲಿನಲ್ಲೂ ಬರಬೇಕು, ಅರ್ಥ ಮಾತ್ರ ಬೇರೆ ಆಗಬೇಕು. ಮೇಲೆ ಸೆರಗು ಅಂದರೆ ನಾನು, ಕೆಳಗೆ ಸೆರಗು ಅಂದರೆ ಬರೀ ಸೆರಗು. ಎರಡು ಸಾಲು ಬೇರೆ ಬೇರೆ ವಿಷಯ ಹಿಡಿದರೆ ನಗು ಬರುವುದಿಲ್ಲ, ಎರಡು ಕ್ಯಾಪ್ಶನ್ ಅಂಟಿಸಿದ ಹಾಗೆ ಕಾಣುತ್ತದೆ. ಗಾದೆಯಿಂದ ಶುರು ಮಾಡಿದರೂ ಹೀಗೇ. ಸೀರೆ ಅಮ್ಮನ ಪೆಟ್ಟಿಗೆಯದೇ ಆಗಿದ್ದರೆ, "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಸೀರೆ ವಾಪಸ್ ಕೊಡು ಅಂತ ಬೆಳಿಗ್ಗೆಯಿಂದ ಕೇಳ್ತಿರೋರೂ ತಾಯಿನೇ." ಇಬ್ಬರ ಸೀರೆಯೂ ಹೊಸದಾದರೆ, "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ರೇಟು ಕೇಳಿದ ಮೇಲೆ ತಾಯಿ ಇನ್ನೂ ಮಾತಾಡಿಲ್ಲ." ಅಮ್ಮನ ಸೀರೆಯ ಬಣ್ಣದ್ದೇ ಅಂಗಿ ಹಾಕಿಕೊಂಡ ಗಂಡುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, "ತಾಯಿಯಂತೆ ಮಗಳು ಅಂತಾರೆ. ನಮ್ಮನೇಲಿ ಮಗನೂ ಅದೇ ನೂಲು" ಅಂತ ಹಾಕಿ, ಚೆನ್ನಾಗಿರುತ್ತದೆ.

ಅಮ್ಮನ ಮಾತು ಬರುವ ಕಡೆ ಅವರು ಆಡುವ ಹಾಗೇ ಬರೆಯಿರಿ. ಅವರು "ಸೆರಗು ಸರಿ ಮಾಡ್ಕೊಳ್ಳೇ" ಅನ್ನುವವರಾದರೆ ಹಾಗೇ ಇರಲಿ, "ಸೆರಗ ಸರಿ ಮಾಡ್ಕೋಬಾರದೇನ" ಅನ್ನುವವರಾದರೆ ಹಾಗೇ ಇರಲಿ. ಚಿಕ್ಕಮ್ಮ, ಅತ್ತೆ ಎಲ್ಲ ಓದುವಾಗ ಅವರಿಗೆ ನಿಮ್ಮ ಅಮ್ಮನ ದನಿಯೇ ಕೇಳಬೇಕು. ಮತ್ತೆ ಎರಡೇ ಸಾಲಿಗೆ ನಿಲ್ಲಿಸಿ. ಇನ್‌ಸ್ಟಾಗ್ರಾಂನಲ್ಲಿ ಉದ್ದ ಕ್ಯಾಪ್ಶನ್ ಮಧ್ಯದಲ್ಲೇ ಕತ್ತರಿಸಿ ಹೋಗುತ್ತದೆ, ಒತ್ತಿದರೆ ಮಾತ್ರ ಉಳಿದದ್ದು ಕಾಣುತ್ತದೆ. ನಗು ಬರುವ ಸಾಲು ಅಲ್ಲಿ ಅಡಗಿಬಿಟ್ಟರೆ ಅರ್ಧ ಜನ ಹೆಮ್ಮೆಯನ್ನಷ್ಟೇ ಓದಿ ಮುಂದೆ ಹೋಗುತ್ತಾರೆ.

ಹಾಕುವ ಮುಂಚೆ ಅಮ್ಮನಿಗೆ ಜೋರಾಗಿ ಓದಿ ಹೇಳಿ. ಫೋನ್ ಕೈಗೆ ಕೊಟ್ಟು "ಓದು" ಅನ್ನಬೇಡಿ, ನೀವೇ ಓದಿ, ಓದುತ್ತಾ ಅವರ ಮುಖ ನೋಡಿ. ಮಾತಿಗೆ ಮಾತು ಕೊಟ್ಟರೆ ಹಾಕಬಹುದು. ಸುಮ್ನೆ ಎದ್ದು ಹೋದರೆ ಹಾಕಬೇಡಿ. ನಾನು ಮಾರನೇ ದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಎರಡೂ ಸಾಲು ಓದಿದೆ. ಮೊದಲ ಸಾಲಿಗೆ ಅವಳ ಕೈ ನಿಂತಿತು. ಎರಡನೆಯದಕ್ಕೆ ಹಿಟ್ಟಿನ ಕೈಯಲ್ಲೇ ಫೋನ್ ಕಡೆ ಬಾಗಿ ಫೋಟೊ ನೋಡಿ, "ಬೈದರೂ ಸರಿ ಮಾಡ್ಕೊಂಡಿಲ್ಲ ನೋಡ" ಅಂದಳು.

ಮೂರನೇ ಸಾಲಾಗಿ ಅದನ್ನೂ ಹಾಕಿದೆ.