570 ಎಲ್ಲಿಂದ ಬಂತು ಅಂತ ತೋರಿಸಿ, ಆಮೇಲೆ ಬೆಕ್ಕಿನ ಮಾತು

"ಮೇಡಂ, ಫೋಟೋದಲ್ಲಿ ಬೆಕ್ಕಿದೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ ಅನ್ನುವುದರ ಬಗ್ಗೆ ಎಂಟನೇ ತರಗತಿಯ ಮಕ್ಕಳಿಗಾಗಿ ಲೇಖನ ಕಳಿಸಿದ್ದೇನೆ. ಆದಷ್ಟು ಸರಳ ಮಾಡಿದ್ದೇನೆ. ಆದರೂ ಓದಿದ ತಂಗಿ 'ಚೆನ್ನಾಗಿದೆ, ಆದ್ರೆ ಏನೂ ಗೊತ್ತಾಗ್ಲಿಲ್ಲ' ಅಂದಳು. ಎಲ್ಲಿ ಎಡವಿದ್ದೇನೆ? ಮುಲಾಜಿಲ್ಲದೆ ಹೇಳಿ."

ತಂಗಿ ಹೇಳಿದ್ದು ಸರಿ. ಕಂಪ್ಯೂಟರನ್ನು ಭೂತಗನ್ನಡಿ ಹಿಡಿದ ಪತ್ತೇದಾರನಿಗೆ ಹೋಲಿಸಲು ಒಂದೂವರೆ ಪುಟ ಕೊಟ್ಟಿದ್ದೀರಿ, "ಮೊದಲ ಪದರ ಅಂಚುಗಳನ್ನು ಗುರುತಿಸುತ್ತದೆ" ಅನ್ನುವುದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಕ್ಕಳಿಗೆ ಬೇಕಾಗಿರುವುದು ಆ ಸಾಲಿನ ಒಳಗಿರುವ ವಿಷಯ. ಗುರುತಿಸುವುದು ಅಂದರೆ ಏನು ಮಾಡುವುದು? ಅದು ಬರೀ ಗುಣಿಸಿ ಕೂಡುವ ಲೆಕ್ಕ, ಅಲ್ವಾ? ಎಂಟನೇ ಕ್ಲಾಸಿನವರು ಕೈಯಲ್ಲೇ ಮಾಡಬಹುದು. ಪತ್ತೇದಾರನನ್ನು ಕಳಿಸಿಬಿಡಿ, ಆ ಜಾಗಕ್ಕೆ ಲೆಕ್ಕ ಹಾಕಿ.

ಕಪ್ಪು ಬಿಳುಪು ಫೋಟೋ ಅಂದರೆ ಸಂಖ್ಯೆಗಳ ಕೋಷ್ಟಕ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಇರುವ ಒಂದು ಪುಟ್ಟ ತುಂಡು ತೆಗೆದುಕೊಳ್ಳಿ. ಅದರ ಕೆಳಗೆ ಒಂದು ಫಿಲ್ಟರ್ ಬರೆಯಿರಿ:

```
10  10  10  200  200  200
10  10  10  200  200  200
10  10  10  200  200  200

-1  0  1
-1  0  1
-1  0  1
```

ಫಿಲ್ಟರನ್ನು ತುಂಡಿನ ಎಡ ತುದಿಯಲ್ಲಿಡಿ. ಮೇಲೆ ಕೆಳಗೆ ಬಂದ ಸಂಖ್ಯೆಗಳನ್ನು ಗುಣಿಸಿ, ಒಂಬತ್ತನ್ನೂ ಕೂಡಿ. ಎಲ್ಲ ಕಡೆ 10 ಇರುವುದರಿಂದ ಪ್ಲಸ್ಸಿಗೆ ಮೈನಸ್ ವಜಾ ಆಗಿ 0 ಬರುತ್ತದೆ. ಒಂದು ಮನೆ ಬಲಕ್ಕೆ ಸರಿಸಿ. ಈಗ ಎಡಗಡೆ 10, ಬಲಗಡೆ 200. ಪ್ರತಿ ಸಾಲಿಗೂ 190, ಮೂರು ಸಾಲಿಗೆ 570. ಇನ್ನೊಂದು ಮನೆ ಸರಿಸಿದರೂ 570. ಕೊನೆಯಲ್ಲಿ ಎಲ್ಲಾ 200, ಮತ್ತೆ 0. ಅಂದರೆ 0, 570, 570, 0. ಅಂಚು ಎಲ್ಲಿದೆಯೋ ಅಲ್ಲಿ ಮಾತ್ರ ದೊಡ್ಡ ಸಂಖ್ಯೆ. ಫಿಲ್ಟರಿಗೆ ಬೆಕ್ಕೂ ಗೊತ್ತಿಲ್ಲ, ಬಾಲವೂ ಗೊತ್ತಿಲ್ಲ. ಎಡಕ್ಕಿಂತ ಬಲ ಎಷ್ಟು ಜಾಸ್ತಿ ಬೆಳ್ಳಗಿದೆ ಅನ್ನುವುದೊಂದೇ ಅದು ಕೇಳುವ ಪ್ರಶ್ನೆ.

ಇಲ್ಲೇ ಸ್ವಲ್ಪ ನಿಲ್ಲಿ, ಅವಸರ ಬೇಡ. ಎಲ್ಲ ಸಂಖ್ಯೆಗಳಿಗೂ 40 ಕೂಡಿಸಿ ಮತ್ತೆ ಲೆಕ್ಕ ಹಾಕಲು ಹೇಳಿ. ಆಗಲೂ 570 ಬರುತ್ತದೆ, ಯಾಕೆಂದರೆ ವ್ಯತ್ಯಾಸ ಬದಲಾಗಿಲ್ಲ. ಫೋಟೋ ಪೂರ್ತಿ ಸ್ವಲ್ಪ ಬೆಳ್ಳಗಾದರೂ ಅಂಚು ಯಾಕೆ ಕಳೆದುಹೋಗುವುದಿಲ್ಲ ಅಂತ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ತುಂಡನ್ನು ತಿರುಗಿಸಿ ಬೆಳಕನ್ನು ಎಡಕ್ಕೆ ತಂದರೆ -570 ಬರುತ್ತದೆ. ಇಂಥ ಫಿಲ್ಟರುಗಳನ್ನು ಪದರ ಪದರವಾಗಿ ಪೇರಿಸಿದ್ದಕ್ಕೆ ನೆಟ್‌ವರ್ಕ್ ಅನ್ನುತ್ತಾರೆ. ಅನೇಕ ನೆಟ್‌ವರ್ಕ್‌ಗಳು ಮೈನಸ್ ಬಂದದ್ದನ್ನೆಲ್ಲ ಸೊನ್ನೆ ಮಾಡಿಬಿಡುತ್ತವೆ, ಹಾಗಾಗಿ ಆ ಅಂಚನ್ನು ಹಿಡಿಯಲು ಚಿಹ್ನೆ ಅದಲುಬದಲಾದ ಇನ್ನೊಂದು ಫಿಲ್ಟರ್ ಬೇಕು. ಅಡ್ಡ ಗೆರೆಗೆ ಮತ್ತೊಂದು, ಓರೆ ಗೆರೆಗೆ ಮಗದೊಂದು. ಒಂದೊಂದು ಫಿಲ್ಟರೂ ಇಡೀ ಫೋಟೋ ಮೇಲೆ ಓಡಾಡಿ ತನ್ನ ಉತ್ತರಗಳದ್ದೇ ಒಂದು ನಕ್ಷೆ ಬಿಟ್ಟುಹೋಗುತ್ತದೆ. ಹೀಗೆ ಮನೆಮನೆಗೂ ಸರಿಯುತ್ತಾ ಹೋಗುವ ಕೆಲಸಕ್ಕೇ ಕನ್ವಲ್ಯೂಷನ್ ಅನ್ನುವುದು. ಹೆಸರನ್ನು ಇಲ್ಲಿ ಹೇಳಿ, ನೀವು ಮಾಡಿದ ಹಾಗೆ ಮೊದಲ ಪ್ಯಾರಾದಲ್ಲೇ ಬೇಡ.

ಇನ್ನು "ಎರಡನೇ ಪದರ ಅಂಚುಗಳನ್ನು ಸೇರಿಸಿ ಆಕಾರ ಮಾಡುತ್ತದೆ" ಅನ್ನುವ ಸಾಲು. ಸೇರಿಸುವುದು ಹೇಗೆ? ಎರಡನೇ ಪದರದ ಫಿಲ್ಟರ್ ಫೋಟೋವನ್ನು ನೋಡುವುದೇ ಇಲ್ಲ, ಮೊದಲ ಪದರ ಬಿಟ್ಟುಹೋದ ನಕ್ಷೆಗಳನ್ನೆಲ್ಲ ಒಟ್ಟಿಗೆ ನೋಡುತ್ತದೆ. ಇದನ್ನು ನೀವು ಬರೆದಿಲ್ಲ. ಒಂದು ಮೂಲೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ, ಪೆಟ್ಟಿಗೆಯ ಮೇಲಿನ ಎಡ ಮೂಲೆ ಅಂದುಕೊಳ್ಳಿ. ಅಲ್ಲಿಂದ ಕೆಳಕ್ಕೆ ಒಂದು ನಿಂತ ಅಂಚು, ಬಲಕ್ಕೆ ಒಂದು ಮಲಗಿದ ಅಂಚು ಹೊರಡುತ್ತವೆ. ನಿಂತ ಅಂಚಿನ ನಕ್ಷೆಯಿಂದ 500, ಮಲಗಿದ ಅಂಚಿನ ನಕ್ಷೆಯಿಂದ 500 ಬಂತು ಅಂತಿಟ್ಟುಕೊಳ್ಳಿ. ಕೂಡಿದರೆ 1000. ಪ್ರತಿ ಫಿಲ್ಟರಿಗೂ ಕೊನೆಗೆ ಕೂಡಲು ಇಲ್ಲವೇ ಕಳೆಯಲು ತನ್ನದೇ ಒಂದು ಸಂಖ್ಯೆ ಇರುತ್ತದೆ; ಇಲ್ಲಿ ಅದು 700 ಕಳೆಯುತ್ತದೆ ಅಂದುಕೊಳ್ಳಿ, 300 ಉಳಿಯುತ್ತದೆ. ಒಂದೇ ಅಂಚು ಇರುವ ಕಡೆ 500ರಲ್ಲಿ 700 ಕಳೆದರೆ ಮೈನಸ್, ಆದ್ದರಿಂದ ಸೊನ್ನೆ. ಎರಡೂ ಇದ್ದರಷ್ಟೇ ಉತ್ತರ ಉಳಿಯುತ್ತದೆ, ಮೂಲೆ ಸಿಕ್ಕಂತೆ. ಮೈನಸ್ಸನ್ನು ಸೊನ್ನೆ ಮಾಡುವ ಆ ಸಣ್ಣ ಹೆಜ್ಜೆ ಇಲ್ಲದಿದ್ದರೆ ಎಷ್ಟು ಪದರ ಪೇರಿಸಿದರೂ ಅದು ಒಂದೇ ಪದರದ ಲೆಕ್ಕಕ್ಕೆ ಸಮ. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

ನೋಟದ ಅಗಲ ಹೆಚ್ಚುವುದನ್ನೂ ಎರಡು ಮಾತಿನಲ್ಲಿ ಹೇಳಿ. ಮೊದಲ ಪದರದ ಒಂದು ಉತ್ತರದ ಹಿಂದೆ ಫೋಟೋದ 3×3 ಚೌಕ ಇರುತ್ತದೆ, ಎರಡನೆಯದರ ಹಿಂದೆ 5×5, ಮೂರನೆಯದರ ಹಿಂದೆ 7×7. ಹೀಗೇ ಹೋದರೆ ಇಡೀ ಮುಖ ಕಾಣಲು ತುಂಬಾ ಪದರ ಬೇಕು, ಅದಕ್ಕೇ ನಡುನಡುವೆ ನಕ್ಷೆಯನ್ನು ಕುಗ್ಗಿಸುತ್ತಾರೆ: ನಾಲ್ಕು ಮನೆಗಳ ಪ್ರತಿ ಚೌಕದಲ್ಲೂ ದೊಡ್ಡ ಸಂಖ್ಯೆಯೊಂದನ್ನು ಉಳಿಸಿ ಮಿಕ್ಕ ಮೂರನ್ನು ಬಿಡುತ್ತಾರೆ. ಕಿವಿ ಒಂದು ಪಿಕ್ಸೆಲ್ ಆಚೀಚೆ ಆದರೂ ಉತ್ತರ ಜಾಸ್ತಿ ಬದಲಾಗದೆ ಇರಲು ಇದೂ ಒಂದು ಕಾರಣ.

ಈಗ ನಿಜವಾದ ತಪ್ಪಿಗೆ ಬರೋಣ. "ಕಿವಿ, ಕಣ್ಣು, ಮೀಸೆ ಹೇಗಿರುತ್ತವೆ ಅಂತ ಎಂಜಿನಿಯರುಗಳು ಫಿಲ್ಟರಿನಲ್ಲಿ ತುಂಬುತ್ತಾರೆ" ಅಂದಿದ್ದೀರಿ. ಇಲ್ಲ, ಯಾರೂ ತುಂಬುವುದಿಲ್ಲ. ನಾನು ಮೇಲೆ ಬರೆದ -1, 0, 1 ಸುಮ್ನೆ ಅರ್ಥವಾಗಲಿ ಅಂತ. ನೆಟ್‌ವರ್ಕ್‌ನಲ್ಲಿ ಎಲ್ಲ ಫಿಲ್ಟರುಗಳೂ ಮನಸ್ಸಿಗೆ ಬಂದ ಸಂಖ್ಯೆಗಳಿಂದ ಶುರುವಾಗುತ್ತವೆ. ಹೆಸರು ಬರೆದಿಟ್ಟ ಫೋಟೋ ತೋರಿಸುತ್ತಾರೆ, ಉತ್ತರ ತಪ್ಪುತ್ತದೆ, ಯಾವ ಸಂಖ್ಯೆಯನ್ನು ಯಾವ ಕಡೆಗೆ ಸ್ವಲ್ಪ ಸರಿಸಿದರೆ ತಪ್ಪು ಕಡಿಮೆಯಾಗುತ್ತದೆ ಅಂತ ಹಿಂದಕ್ಕೆ ಲೆಕ್ಕ ಹಾಕಿ ಎಲ್ಲವನ್ನೂ ಚೂರುಚೂರು ಸರಿಸುತ್ತಾರೆ, ಇದನ್ನೇ ಲಕ್ಷಾಂತರ ಫೋಟೋಗಳ ಮೇಲೆ ಮತ್ತೆ ಮತ್ತೆ ಮಾಡುತ್ತಾರೆ. 2012ರಲ್ಲಿ ಫೋಟೋ ಗುರುತಿಸುವ ಸ್ಪರ್ಧೆ ಗೆದ್ದು ಹೆಸರಾದ ನೆಟ್‌ವರ್ಕ್ ಅಲೆಕ್ಸ್‌ನೆಟ್‌ನ ಮೊದಲ ಪದರದಲ್ಲಿ 11×11 ಅಳತೆಯ 96 ಫಿಲ್ಟರುಗಳಿದ್ದವು. ಕಲಿಕೆ ಮುಗಿದ ಮೇಲೆ ಅವನ್ನು ಚಿತ್ರ ಮಾಡಿ ನೋಡಿದರೆ ಬೇರೆ ಬೇರೆ ಕೋನದ ಗೆರೆಗಳು, ಬಣ್ಣದ ಮಚ್ಚೆಗಳು. ಗೆರೆ ಹುಡುಕು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಇಡೀ ಲೇಖನದಲ್ಲಿ ನನಗೆ ರೋಮಾಂಚನ ಆಗಬೇಕಿದ್ದ ಜಾಗ ಇದು, ನೀವು ಅದನ್ನೇ ತಿರುಚಿ ಬರೆದಿದ್ದೀರಿ.

ಕೊನೆಯ ಪ್ಯಾರಾದ "ಹೀಗೆ ಆಕಾರ ನೋಡಿ ಬೆಕ್ಕು ಅಂತ ತಿಳಿಯುತ್ತದೆ" ಅನ್ನುವುದೂ ಅಷ್ಟು ಧೈರ್ಯದಿಂದ ಹೇಳುವ ಮಾತಲ್ಲ. ಸಂಶೋಧಕ ರಾಬರ್ಟ್ ಗೈರ್ಹೋಸ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮ ಹೊದಿಸಿದ ಚಿತ್ರವೊಂದಿದೆ. ಮನುಷ್ಯರು ಬೆಕ್ಕು ಅನ್ನುತ್ತಾರೆ, ಮಾಮೂಲಿ ಫೋಟೋಗಳಿಂದ ಕಲಿತ ನೆಟ್‌ವರ್ಕ್ ಆನೆ ಅಂದಿತು. ತಪ್ಪು ಕಡಿಮೆ ಮಾಡಲು ಚರ್ಮದ ಸುಕ್ಕು, ತುಪ್ಪಳದ ನಮೂನೆಯೇ ಸಾಕಾದರೆ ಅದು ಇಡೀ ಆಕಾರದ ತಂಟೆಗೆ ಹೋಗಬೇಕಾಗಿಲ್ಲ. ಮೈಯ ನಮೂನೆಗಳನ್ನು ಅದಲುಬದಲು ಮಾಡಿದ ಚಿತ್ರಗಳಿಂದ ಕಲಿಸಿದಾಗ ಆಕಾರದ ಕಡೆಗೆ ಹೆಚ್ಚು ವಾಲಿತು. ಅಂಚು, ಆಕಾರ, ವಸ್ತು ಅನ್ನುವ ಮೆಟ್ಟಿಲು ಸ್ಥೂಲವಾಗಿ ನಿಜ, ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಎಲ್ಲಾ ಕಲಸಿಕೊಂಡಿರುತ್ತದೆ ಅಂತ ಬರೆಯಿರಿ. ಒಂದು ಪ್ಯಾರಾ ಸಾಕು, ಬಿಡಬೇಡಿ. ಅದನ್ನು ಬರೆದ ಮೇಲೆ "ನಮ್ಮಂತೆಯೇ ನೋಡುವ ಕಂಪ್ಯೂಟರ್" ಅನ್ನುವ ನಿಮ್ಮ ಶೀರ್ಷಿಕೆ ನಿಲ್ಲುವುದಿಲ್ಲ, ಬೇರೆ ಇಟ್ಟು ಕಳಿಸಿ.