ಗೂಗಲ್ ತೋರಿಸುವ ಹತ್ತು ಪಟ್ಟು ಎಲ್ಲಿಂದ ಬಂತು?

ಪ್ರಶ್ನೆ: ಹುಬ್ಬಳ್ಳಿಯಿಂದ ಕಸೂತಿ ಸೀರೆಗಳನ್ನು ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಕಳೆದ ತಿಂಗಳು 300 ಆರ್ಡರ್, ಒಟ್ಟು 6 ಲಕ್ಷ ರೂಪಾಯಿ. ಅದರಲ್ಲಿ ಕ್ಯಾಶ್ ಆನ್ ಡೆಲಿವರಿಯ 60 ಪಾರ್ಸೆಲ್ ವಾಪಸ್ ಬಂದವು. ಇನ್‌ಸ್ಟಾಗ್ರಾಮ್‌ಗೆ 90,000 ಖರ್ಚು ಮಾಡಿದೆವು, ಅದು 3.6 ಲಕ್ಷ ಮಾರಾಟ ತೋರಿಸುತ್ತದೆ. ಗೂಗಲ್‌ಗೆ 30,000 ಹಾಕಿದೆವು, 3 ಲಕ್ಷ ತೋರಿಸುತ್ತದೆ. ವಾಟ್ಸ್‌ಆ್ಯಪ್ ಸಂದೇಶಕ್ಕೆ 10,000 ಹೋಯಿತು, 1.5 ಲಕ್ಷ ತೋರಿಸುತ್ತದೆ. ಗೂಗಲ್ ಹತ್ತು ಪಟ್ಟು ಕೊಡುತ್ತಿರುವುದರಿಂದ ಇನ್‌ಸ್ಟಾಗ್ರಾಮ್‌ನ ಹಣದಲ್ಲಿ 30,000 ತೆಗೆದು ಗೂಗಲ್‌ಗೆ ಹಾಕೋಣವೇ? ವರದಿಗಳನ್ನು ಜೊತೆಗೆ ಕಳಿಸಿದ್ದೇವೆ.

ಉತ್ತರ: ಸದ್ಯ ಬೇಡ. ನೀವು ಕಳುಹಿಸಿದ ಗೂಗಲ್‌ನ ಸರ್ಚ್ ಟರ್ಮ್ಸ್ ವರದಿಯನ್ನು, ಅಂದರೆ ಜನ ಯಾವ ಪದ ಹುಡುಕಿ ನಿಮ್ಮ ಜಾಹೀರಾತಿಗೆ ಬಂದರು ಎಂಬ ಪಟ್ಟಿಯನ್ನು, ಎರಡು ಭಾಗ ಮಾಡಿ ನೋಡಿದರೆ ಕಾರಣ ತಿಳಿಯುತ್ತದೆ. ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಹುಡುಕಿದವರ ಮೇಲೆ ಆದ ಖರ್ಚು 8,000 ರೂಪಾಯಿ, ಗೂಗಲ್ ಅದಕ್ಕೆ ತೋರಿಸುವ ಮಾರಾಟ 2.4 ಲಕ್ಷ, ಅಂದರೆ 30 ಪಟ್ಟು. ‘ಕಸೂತಿ ಸೀರೆ ಆನ್‌ಲೈನ್’, ‘ಧಾರವಾಡ ಕಸೂತಿ’ ಎಂದು ಹುಡುಕಿದವರ ಮೇಲೆ ಆದ ಖರ್ಚು 22,000, ತೋರಿಸುವ ಮಾರಾಟ 60,000, ಅಂದರೆ 2.7 ಪಟ್ಟು. ಎರಡರ ಮಾರಾಟವನ್ನು ಕೂಡಿಸಿ ಒಟ್ಟು ಖರ್ಚಿನಿಂದ ಭಾಗಿಸಿದಾಗ ಬಂದ ಸರಾಸರಿಯೇ ನಿಮ್ಮ ಕಣ್ಣಿಗೆ ಬಿದ್ದ ಹತ್ತು.

ಅಂಗಡಿಯ ಹೆಸರನ್ನು ಹುಡುಕುವವರು ತಿಂಗಳಿಗೆ ಇಷ್ಟೇ ಜನ ಇರುತ್ತಾರೆ. ನೀವು ಬಜೆಟ್ ಹೆಚ್ಚಿಸಿದ ಮಾತ್ರಕ್ಕೆ ಇನ್ನೂ ನೂರು ಜನ ಆ ಹೆಸರನ್ನು ಟೈಪ್ ಮಾಡುವುದಿಲ್ಲ. ಆದ್ದರಿಂದ ನೀವು ಸೇರಿಸಲಿರುವ 30,000 ರೂಪಾಯಿ ಬಹುಪಾಲು ಎರಡನೆಯ ಭಾಗಕ್ಕೇ ಹರಿಯುತ್ತದೆ. ಅಲ್ಲಿ ಒಂದು ರೂಪಾಯಿಗೆ 2.7 ರೂಪಾಯಿ ಬರುತ್ತಿದೆ, ಬಜೆಟ್ ಏರಿದಂತೆ ಅದೂ ಇಳಿಯುವುದೇ ಹೆಚ್ಚು. ಒಂದು ಮಾಧ್ಯಮದ ಸರಾಸರಿ ಪ್ರತಿಫಲ ಬೇರೆ, ಅದಕ್ಕೆ ಮುಂದೆ ಹಾಕುವ ರೂಪಾಯಿಯ ಪ್ರತಿಫಲ ಬೇರೆ. ಬಜೆಟ್ ಬದಲಿಸುವಾಗ ಬೇಕಾಗುವುದು ಎರಡನೆಯದು.

2.7 ಸಾಕೋ ಸಾಲದೋ ಎಂಬುದನ್ನು ನಿಮ್ಮ ಸೀರೆಯ ಲೆಕ್ಕವೇ ಹೇಳಬೇಕು. ನಿಮ್ಮ ಪಟ್ಟಿಯಂತೆ ಜಿಎಸ್‌ಟಿ ಬಿಟ್ಟು ಸರಾಸರಿ 2,000 ರೂಪಾಯಿಯ ಒಂದು ಸೀರೆಗೆ ಬಟ್ಟೆ ಮತ್ತು ಕಸೂತಿ ಹಾಕುವವರ ಕೂಲಿ ಸೇರಿ 1,100, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 200 ಹೋಗಿ 700 ಉಳಿಯುತ್ತದೆ. ಗ್ರಾಹಕರ ಕೈ ಸೇರಿದ್ದು 240 ಸೀರೆ, ಉಳಿದದ್ದು 1,68,000. ವಾಪಸ್ ಬಂದ 60 ಪಾರ್ಸೆಲ್‌ಗಳಿಗೆ ಹೋಗಿ ಬರುವ ಖರ್ಚು ತಲಾ 150ರಂತೆ 9,000 ಕಳೆದರೆ 1,59,000. ಅದು 4.8 ಲಕ್ಷದ ನಿಜವಾದ ಮಾರಾಟದಲ್ಲಿ ಸುಮಾರು 33 ಶೇಕಡಾ. ಒಂದನ್ನು 0.33ರಿಂದ ಭಾಗಿಸಿದರೆ ಸುಮಾರು 3 ಬರುತ್ತದೆ. ಅಂದರೆ ಜಾಹೀರಾತಿನ ಪ್ರತಿ ರೂಪಾಯಿಗೆ, ಗ್ರಾಹಕರು ಹಣ ಕೊಟ್ಟು ಬಿಡಿಸಿಕೊಂಡ ಸರಕಿನಲ್ಲಿ 3 ರೂಪಾಯಿ ಬಂದರೆ ಮಾತ್ರ ಅಸಲು ಹುಟ್ಟುತ್ತದೆ. ಗೂಗಲ್ ಹೇಳುವ 2.7 ವಾಪಸಾತಿಯನ್ನು ಕಳೆಯದ ಅಂಕಿ, ಕಳೆದರೆ ಇನ್ನೂ ಕೆಳಗಿಳಿಯುತ್ತದೆ. ನಿಮ್ಮ ಒಟ್ಟು ವ್ಯಾಪಾರ ಮಾತ್ರ 4.8 ಲಕ್ಷಕ್ಕೆ 1.3 ಲಕ್ಷ ಖರ್ಚಿನಂತೆ 3.7ರಲ್ಲಿದೆ, ತಿಂಗಳಿಗೆ 29,000 ಉಳಿಸುತ್ತಿದೆ. ನನಗೆ ನಂಬಿಕೆ ಇರುವುದು ಈ ಒಟ್ಟು ಅಂಕಿಯ ಮೇಲೆಯೇ, ಏಕೆಂದರೆ ಇದರಲ್ಲಿ ಯಾವ ಮಾರಾಟವೂ ಎರಡು ಬಾರಿ ಎಣಿಕೆಯಾಗಿಲ್ಲ.

ಮೂರೂ ಕಡೆಯ ಅಂಕಿ ಕೂಡಿಸಿದರೆ 8.1 ಲಕ್ಷ ಆಗುತ್ತದೆ, ನಿಮ್ಮ ಪುಸ್ತಕದಲ್ಲಿ ಇರುವುದು 6 ಲಕ್ಷ. ಹೆಚ್ಚುವರಿ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದೇ ಆರ್ಡರ್ ಸಾಕು. ಗದಗಿನ ಒಬ್ಬ ಗ್ರಾಹಕಿ ಮಂಗಳವಾರ ಇನ್‌ಸ್ಟಾಗ್ರಾಮ್‌ನಲ್ಲಿ ತೇರಿನ ಚಿತ್ತಾರದ ಸೆರಗು ತೋರಿಸುವ ನಿಮ್ಮ ಜಾಹೀರಾತನ್ನು ಒತ್ತಿ, ಬೆಲೆ ನೋಡಿ, ಸುಮ್ಮನಾಗುತ್ತಾರೆ. ಶನಿವಾರ ಅಂಗಡಿಯ ಹೆಸರು ನೆನಪಾಗಿ ಗೂಗಲ್‌ನಲ್ಲಿ ಹುಡುಕಿ, ಮೇಲೆ ಕಂಡ ಜಾಹೀರಾತನ್ನು ಒತ್ತಿ, ಸೀರೆಯನ್ನು ಕಾರ್ಟ್‌ಗೆ ಹಾಕಿ ಬಿಡುತ್ತಾರೆ. ಭಾನುವಾರ ನಿಮ್ಮ ವಾಟ್ಸ್‌ಆ್ಯಪ್ ನೆನಪೋಲೆ ಬಂದಾಗ ಕೊಳ್ಳುತ್ತಾರೆ. ಇನ್‌ಸ್ಟಾಗ್ರಾಮ್‌ನ ಒಡೆತನದ ಕಂಪನಿ ಮೆಟಾದ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕ್ಲಿಕ್ ಆದ 7 ದಿನಗಳೊಳಗಿನ ಖರೀದಿ, ಬರೀ ನೋಡಿದ್ದರೆ 1 ದಿನದೊಳಗಿನ ಖರೀದಿ ತನ್ನದೆಂದು ಅದು ಎಣಿಸುತ್ತದೆ. ಗೂಗಲ್ ಜಾಹೀರಾತಿನಲ್ಲಿ ಕ್ಲಿಕ್‌ಗೆ ಸಾಮಾನ್ಯವಾಗಿ 30 ದಿನ. ವಾಟ್ಸ್‌ಆ್ಯಪ್ ಉಪಕರಣಕ್ಕೆ ಕೊನೆಯ ಕ್ಲಿಕ್ ತನ್ನದೇ. ಹೀಗೆ 2,000ದ ಒಂದು ಸೀರೆ ಮೂರು ವರದಿಗಳಲ್ಲಿ 6,000 ಆಗುತ್ತದೆ, ಮತ್ತು ಮೂವರೂ ಸುಳ್ಳು ಹೇಳಿರುವುದಿಲ್ಲ. ಮಾರಾಟದ ಶ್ರೇಯವನ್ನು ಯಾವ ಜಾಹೀರಾತಿಗೆ ಎಷ್ಟು ಕೊಡಬೇಕೆಂದು ಹೇಳುವ ಅಟ್ರಿಬ್ಯೂಷನ್ ಮಾದರಿ ಬದಲಿಸಿದರೆ ಈ 2,000ವನ್ನು ಬೇರೆ ರೀತಿ ಹಂಚಬಹುದು. ಆದರೆ ಗೂಗಲ್ ಜಾಹೀರಾತು ಇಲ್ಲದಿದ್ದರೆ ಆಕೆ ಕೊಳ್ಳುತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಯಾವ ಮಾದರಿಯೂ ಉತ್ತರಿಸುವುದಿಲ್ಲ. ಹೆಸರು ಟೈಪ್ ಮಾಡಿದವರಿಗೆ ಜಾಹೀರಾತಿನ ಕೆಳಗೆ ನಿಮ್ಮ ವೆಬ್‌ಸೈಟ್ ಉಚಿತವಾಗಿಯೇ ಕಾಣುತ್ತಿತ್ತು. 2012ರಲ್ಲಿ ಇಬೇ ಕಂಪನಿ ತನ್ನ ಹೆಸರಿನ ಮೇಲಿನ ಜಾಹೀರಾತನ್ನು ಕೆಲವು ಸರ್ಚ್ ಎಂಜಿನ್‌ಗಳಲ್ಲಿ ನಿಲ್ಲಿಸಿದಾಗ ಹೆಚ್ಚುಕಡಿಮೆ ಎಲ್ಲ ಜನರೂ ಉಚಿತ ಕೊಂಡಿಯಿಂದಲೇ ಬಂದರು. ಅದು ಮನೆಮಾತಾದ ಹೆಸರು, ನಿಮ್ಮದು ಹಾಗಲ್ಲದಿರಬಹುದು. ಆದ್ದರಿಂದ ನೀವೇ ಪರೀಕ್ಷಿಸಬೇಕು.

ಹಿಂದಿನ ಮೂರು ತಿಂಗಳ ಆರ್ಡರ್‌ಗಳನ್ನು ಪಿನ್‌ಕೋಡ್‌ನಿಂದ ಜಿಲ್ಲೆವಾರು ವಿಂಗಡಿಸಿ, ಆರ್ಡರ್ ಸಂಖ್ಯೆ ಸರಿಸುಮಾರು ಸಮವಾಗುವಂತೆ ಎರಡು ಗುಂಪು ಮಾಡಿರಿ. ಒಂದೇ ಜಿಲ್ಲೆಯ ಹುಬ್ಬಳ್ಳಿ ಮತ್ತು ಧಾರವಾಡವನ್ನು ಬೇರೆ ಮಾಡಬೇಡಿ, ದಿನವೂ ಎರಡರ ನಡುವೆ ಓಡಾಡುವ ಜನರನ್ನು ಗೂಗಲ್ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಎಣಿಸುತ್ತದೆ. ಒಂದು ಗುಂಪಿನಲ್ಲಿ ನಿಮ್ಮ ಹೆಸರಿನ ಜಾಹೀರಾತನ್ನು ನಾಲ್ಕು ವಾರ ನಿಲ್ಲಿಸಿ, ಮುಂದಿನ ನಾಲ್ಕು ವಾರ ಗುಂಪುಗಳನ್ನು ಅದಲುಬದಲು ಮಾಡಿರಿ. ದಸರಾ, ದೀಪಾವಳಿ, ಮದುವೆಯ ಹಂಗಾಮು ಬೇಡ. ನಿಮ್ಮ ಹೆಸರಿನ ಮೇಲೆ ಪ್ರತಿಸ್ಪರ್ಧಿಗಳು ಜಾಹೀರಾತು ಹಾಕುತ್ತಿದ್ದಾರೆಯೇ ಎಂದೂ ಮೊದಲೇ ನೋಡಿಕೊಳ್ಳಿರಿ. ಎಣಿಸಬೇಕಾದದ್ದು ಗೂಗಲ್ ತೋರಿಸುವ ಆರ್ಡರ್‌ಗಳನ್ನಲ್ಲ, ಆ ಜಿಲ್ಲೆಗಳಿಂದ ಬಂದ ಒಟ್ಟು ಆರ್ಡರ್‌ಗಳನ್ನು.

ಇದರ ಮಿತಿಯೂ ಗೊತ್ತಿರಲಿ. ಪ್ರತಿ ಗುಂಪಿಗೆ 150 ಆರ್ಡರ್ ಇದ್ದರೆ ಎರಡರ ನಡುವೆ 15–20 ಆರ್ಡರ್‌ಗಳ ಏರಿಳಿತ ಏನೂ ಮಾಡದಿದ್ದರೂ ಬರುತ್ತದೆ. ಗೂಗಲ್ ಹೇಳುವಂತೆ ಆ 120 ಆರ್ಡರ್‌ಗಳೂ ಜಾಹೀರಾತಿನಿಂದಲೇ ಬಂದಿದ್ದರೆ, ನಿಲ್ಲಿಸಿದ ಕಡೆ 150 ಇದ್ದದ್ದು 90ಕ್ಕೆ ಇಳಿಯಬೇಕು, ಅದು ಸ್ಪಷ್ಟವಾಗಿ ಕಾಣುತ್ತದೆ. ಆದರೆ 8,000 ರೂಪಾಯಿಯ ಅಸಲು ಹುಟ್ಟಲು ಬೇಕಾದದ್ದು ಇಡೀ ತಿಂಗಳಿಗೆ ಬಿಡಿಸಿಕೊಂಡ 12 ಸೀರೆ ಮಾತ್ರ. ಅಷ್ಟು ಚಿಕ್ಕ ವ್ಯತ್ಯಾಸ ನಿಮ್ಮ ಗಾತ್ರದ ಅಂಗಡಿಯ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಇಳಿಕೆ ಕಾಣದಿದ್ದರೆ ಜಾಹೀರಾತನ್ನು ಪೂರ್ತಿ ಮುಚ್ಚುವ ಬದಲು ಕ್ಲಿಕ್‌ಗೆ ಕೊಡುವ ಗರಿಷ್ಠ ದರವನ್ನು ಇಳಿಸಿ ಇಟ್ಟುಕೊಳ್ಳುವುದು ನನ್ನ ಸಲಹೆ.

ವಾಟ್ಸ್‌ಆ್ಯಪ್‌ನ ಪರೀಕ್ಷೆ ಸುಲಭ: ಮೊಬೈಲ್ ಸಂಖ್ಯೆ 0 ಅಥವಾ 5ರಿಂದ ಕೊನೆಗೊಳ್ಳುವವರಿಗೆ ಎರಡು ತಿಂಗಳು ಸಂದೇಶ ಕಳಿಸದೆ, ಅವರಲ್ಲಿ ನೂರಕ್ಕೆ ಎಷ್ಟು ಜನ ಕೊಂಡರು ಎಂದು ಉಳಿದವರೊಂದಿಗೆ ಹೋಲಿಸಿರಿ.

ಇನ್‌ಸ್ಟಾಗ್ರಾಮ್‌ನ ಹಣವನ್ನು ಕೊನೆಗೆ ಮುಟ್ಟಿರಿ. ಅಂಗಡಿಯ ಹೆಸರನ್ನು ಜನರಿಗೆ ಮೊದಲು ಪರಿಚಯಿಸುವುದು ಬಹುಶಃ ಅದೇ. ಅದನ್ನು ತಗ್ಗಿಸಿದರೆ ಪರಿಣಾಮ ಮೊದಲು ಕಾಣುವುದು ಗೂಗಲ್‌ನಲ್ಲಿ, ಅದೂ ಎರಡು ಮೂರು ವಾರ ತಡವಾಗಿ. ತಗ್ಗಿಸಲೇಬೇಕಾದರೆ ಒಂದು ಗುಂಪಿನ ಜಿಲ್ಲೆಗಳಲ್ಲಿ ಮಾತ್ರ ತಗ್ಗಿಸಿ, ಆರು ವಾರ ಒಟ್ಟು ಆರ್ಡರ್‌ಗಳನ್ನು ಹೋಲಿಸಿರಿ. ನಿಮ್ಮ ಹೆಸರಿನ ಹುಡುಕಾಟ ಎಷ್ಟಾಗುತ್ತಿದೆ ಎಂಬುದನ್ನೂ ಸರ್ಚ್ ಕನ್ಸೋಲ್‌ನಲ್ಲಿ ವಾರವಾರ ಬರೆದಿಟ್ಟುಕೊಳ್ಳಿರಿ. ಈ ತಿಂಗಳೇ ಕೈ ಹಾಕಬೇಕಾದದ್ದು ಆ 22,000ಕ್ಕೆ: ಮೂರು ತಿಂಗಳ ಸರ್ಚ್ ಟರ್ಮ್ಸ್ ತೆಗೆದು, ಹಣ ತಿಂದು ಒಂದೂ ಸೀರೆ ಮಾರದ ಪದಗಳನ್ನು, ಅವುಗಳಿಗೆ ಜಾಹೀರಾತು ಕಾಣದಂತೆ ತಡೆಯುವ ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿರಿ. ‘ಕಸೂತಿ ಡಿಸೈನ್ ಫೋಟೊ’, ‘ಕಸೂತಿ ಕಲಿಯುವುದು ಹೇಗೆ’ ಎಂಬಂಥ ಹುಡುಕಾಟಗಳಿಗೂ ನೀವು ಹಣ ಕಟ್ಟುತ್ತಿರುವುದು ಆ ವರದಿಯಲ್ಲೇ ಇದೆ.